ಕೆರೆ ಸರಣಿಯಲ್ಲಿ ಊರಿನ ಸ್ಥಾನವೇ ಸಾಧನ ಚರ: ಕೋಲಾರ ಜಿಲ್ಲೆಯ ಅಂತರ್ಜಲ ಮಟ್ಟ ಮತ್ತು ರೈತ ಕುಟುಂಬಗಳ ಬಡ್ಡಿ ಸಾಲ

4. ಅಂದಾಜಿನ ವಿಧಾನ ಮತ್ತು ಸಾಧನ ಚರದ ಸಮರ್ಥನೆ

4.1 ಸಾಮಾನ್ಯ ಹಿಂಚಲನೆ ಏಕೆ ಸಾಲದು

ಬೋರ್‌ವೆಲ್‌ಗಳಲ್ಲಿ ನೀರಿನ ಮಟ್ಟ ಏರಿದಾಗ ರೈತ ಕುಟುಂಬದ ಖಾಸಗಿ ಬಡ್ಡಿ ಸಾಲ ಇಳಿಯುತ್ತದೆಯೇ ಎಂಬುದು ಈ ಲೇಖನದ ಪ್ರಶ್ನೆ. ನೀರಿನ ಮಟ್ಟ ಮತ್ತು ಸಾಲದ ಮೊತ್ತವನ್ನು ನೇರವಾಗಿ ಹೋಲಿಸಿದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಕೋಲಾರದಂಥ ಗಟ್ಟಿ ಶಿಲೆಯ ಪ್ರದೇಶದಲ್ಲಿ ನೀರಿನ ಮಟ್ಟವು ಪ್ರಕೃತಿಯ ಕೊಡುಗೆ ಮಾತ್ರವಲ್ಲ, ಊರಿನವರ ಬೇಸಾಯದ ಫಲವೂ ಹೌದು. ಟೊಮೆಟೊ ಮತ್ತು ಹಿಪ್ಪುನೇರಳೆ ಹೆಚ್ಚಾಗಿ ಬೆಳೆಯುವ ಅನುಕೂಲಸ್ಥರ ಊರಿನಲ್ಲಿ ನೀರೆತ್ತುವುದು ಹೆಚ್ಚು, ಹಾಗಾಗಿ ಮಟ್ಟ ಕೆಳಗಿರುತ್ತದೆ. ಆದರೆ ಅಲ್ಲಿನವರು ಕೈಯಲ್ಲಿ ಹಣವಿರುವುದರಿಂದ ಬಡ್ಡಿಗೆ ಸಾಲ ತರುವುದು ಕಡಿಮೆ. ಈ ಕಾರಣಕ್ಕೆ ನೀರಿನ ಪರಿಣಾಮ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಸಾಲ ಮಾಡಿ ಬೋರ್‌ವೆಲ್ ಮೇಲೆ ಬೋರ್‌ವೆಲ್ ಕೊರೆಸಿದ ಊರುಗಳಲ್ಲಿ ಸಾಲವೇ ಮಟ್ಟವನ್ನು ಇಳಿಸಿರಬಹುದು. ಆಗ ಪರಿಣಾಮ ದೊಡ್ಡದಾಗಿ ಕಾಣುತ್ತದೆ. ಇದರ ಜೊತೆಗೆ, ರೈತರು ನೆನಪಿನಿಂದ ಹೇಳುವ ಆಳದ ಅಳತೆಯಲ್ಲಿ ತಪ್ಪಿದ್ದರೆ ಗುಣಾಂಕ ಸೊನ್ನೆಯತ್ತ ಸರಿಯುತ್ತದೆ. ಈ ಮೂರರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂದು ಮೊದಲೇ ಊಹಿಸುವುದು ಸಾಧ್ಯವಿಲ್ಲ. ಆದ್ದರಿಂದ ಊರಿನವರ ಬೇಸಾಯದ ನಿರ್ಧಾರಗಳಿಗೆ ಸಂಬಂಧವಿಲ್ಲದೆ ನೀರಿನ ಮಟ್ಟವನ್ನು ಏರಿಸಿದ ಒಂದು ಹೊರಗಿನ ಕಾರಣ ನಮಗೆ ಬೇಕು.

4.2 ಸಾಧನ ಚರ

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಘಟಕಗಳಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಯನ್ನು ತಲುಪಿತು. ಯೋಜನೆಯ ಉದ್ದೇಶ ನೇರ ನೀರಾವರಿಯಲ್ಲ, ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ಮರುಪೂರಣ ಮಾಡುವುದು. ನ್ಯಾಯಾಲಯದ ತಡೆಯಿಂದ ನಡುವೆ ಕೆಲಕಾಲ ಹರಿವು ನಿಂತಿದ್ದರೂ ನೀರು ಕೆರೆಯಿಂದ ಕೆರೆಗೆ ಸಾಗಿತು. ನಮ್ಮ ವಿಧಾನಕ್ಕೆ ಮುಖ್ಯವಾದುದು ಹೀಗೆ ಸಾಗಿದ ಬಗೆ. ಪಂಪಿನ ನೀರು ಕೆಲವೇ ಕೆರೆಗಳಿಗೆ ಬೀಳುತ್ತದೆ. ಅಲ್ಲಿಂದ ಮುಂದೆ ಒಂದು ಕೆರೆಯ ಕೋಡಿ ಬಿದ್ದರೆ ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ತಾನಾಗಿ ಹರಿಯುತ್ತದೆ. ಬೀಳುವ ಕೆರೆಗಿಂತ ಮೇಲಿರುವ ಕೆರೆಗೆ ಈ ನೀರು ಹತ್ತಲಾರದು.

ಒಂದೇ ಸರಣಿಯ ಊರುಗಳನ್ನು ನೀರು ಬೀಳುವ ಕೆರೆಗಿಂತ ಕೆಳಗಿನವು ಮತ್ತು ಮೇಲಿನವು ಎಂದು ವಿಂಗಡಿಸಿದ್ದೇವೆ. ಯೋಜನೆಯ ನೀರು ಸೇರದ ಸರಣಿಗಳಲ್ಲಿಯೂ, ಮೇಲಿನಿಂದ ಎಣಿಸಿದಾಗ ಅದೇ ಕ್ರಮಾಂಕಕ್ಕೆ ಬರುವ ಕೆರೆಯನ್ನು ಗಡಿಯಾಗಿ ಇಟ್ಟುಕೊಂಡು ಇದೇ ವಿಂಗಡಣೆ ಮಾಡಿದ್ದೇವೆ. ಮಾದರಿಯಲ್ಲಿ 18 ಸರಣಿಗಳ 72 ಊರುಗಳಿವೆ. ಕುಟುಂಬಗಳನ್ನು ಮೊದಲು 2017ರ ಆರಂಭದಲ್ಲಿ, ಮತ್ತೆ 2020ರ ಜನವರಿ–ಫೆಬ್ರವರಿಯಲ್ಲಿ ಭೇಟಿ ಮಾಡಲಾಗಿದೆ. ಸಮೀಕರಣಗಳು ಹೀಗಿವೆ:

```
W_vt  = π·(B_v × P_v × T_t) + α1·(B_v × T_t) + α2·(P_v × T_t) + X_ivt·γ + μ_i + τ_t + e_ivt
Y_ivt = β·Ŵ_vt + δ1·(B_v × T_t) + δ2·(P_v × T_t) + X_ivt·θ + λ_i + σ_t + u_ivt
```

ಇಲ್ಲಿ W ಎಂಬುದು ಊರಿನ ಬೋರ್‌ವೆಲ್‌ಗಳ ಸರಾಸರಿ ನೀರಿನ ಮಟ್ಟ (ಹತ್ತು ಅಡಿಯ ಮಾನದಲ್ಲಿ, ಏರಿಕೆ ಧನಾತ್ಮಕ). Y ಎಂಬುದು ಕುಟುಂಬದ ಬಾಕಿ ಬಡ್ಡಿ ಸಾಲ (ಸಾವಿರ ರೂಪಾಯಿಗಳಲ್ಲಿ). B ಕೆಳಗಿನ ಊರು, P ಯೋಜನೆಯ ಸರಣಿ, T ನಂತರದ ಅವಧಿ. ಸಾಧನ ಚರವೆಂದರೆ ಈ ಮೂರರ ಗುಣಲಬ್ಧ. ಕೆಳಗಿನ ಊರುಗಳಲ್ಲಿ ಮಣ್ಣು ಆಳವಾಗಿದೆ, ಅಚ್ಚುಕಟ್ಟು ದೊಡ್ಡದು ಎಂಬಂಥ ಬದಲಾಗದ ವ್ಯತ್ಯಾಸಗಳನ್ನು ಕುಟುಂಬದ ಸ್ಥಿರ ಪರಿಣಾಮಗಳು ನುಂಗಿಕೊಳ್ಳುತ್ತವೆ. ಎಲ್ಲ ಸರಣಿಗಳ ಕೆಳಗಿನ ಊರುಗಳಿಗೂ ಸಮಾನವಾಗಿ ಆದ ಬದಲಾವಣೆಯನ್ನು B × T ಹಿಡಿಯುತ್ತದೆ.

ಗಮನಿಸಬೇಕಾದ ಒಂದು ಸಂಗತಿ ಇದೆ. ಕೆರೆ ನಿಜವಾಗಿ ತುಂಬಿತೇ ಇಲ್ಲವೇ ಎಂಬುದನ್ನು ನಾವು ಸಾಧನವಾಗಿ ಬಳಸಿಲ್ಲ. ರಾಜಕಾಲುವೆಯ ಒತ್ತುವರಿಯನ್ನು ತೆರವು ಮಾಡಿಸಿಕೊಂಡ ಊರಿಗೆ ನೀರು ಬೇಗ ಬಂದಿರುತ್ತದೆ, ಅಂಥ ಒಗ್ಗಟ್ಟು ಮತ್ತು ಪ್ರಭಾವ ಸಾಲದ ಮೇಲೂ ಪರಿಣಾಮ ಬೀರಬಲ್ಲದು. ಶತಮಾನಗಳ ಹಿಂದೆ ಕಟ್ಟಿದ ಕೆರೆಗಳ ಸ್ಥಾನ ಮತ್ತು ನೆಲದ ಇಳಿಜಾರನ್ನು ಮಾತ್ರ, ಸರ್ವೆ ಆಫ್ ಇಂಡಿಯಾ ನಕಾಶೆಗಳಿಂದ ತೆಗೆದುಕೊಂಡಿದ್ದೇವೆ. ಇದರಿಂದ ಮೊದಲ ಹಂತದ ಬಲ ಸ್ವಲ್ಪ ಕುಗ್ಗುತ್ತದೆ. ಆ ಬೆಲೆ ತೆರುವುದು ಯೋಗ್ಯವೆಂದು ನಾವು ದೃಢವಾಗಿ ನಂಬಿದ್ದೇವೆ.

4.3 ಸಾಧನದ ಬಲ

ಯೋಜನೆಯ ಸರಣಿಯಲ್ಲಿ ಕೆಳಗಿರುವ ಊರಿನ ನೀರಿನ ಮಟ್ಟ 41 ಅಡಿ ಹೆಚ್ಚು ಏರಿದೆ (ಪ್ರಮಾಣಿತ ದೋಷ 8.2), ಎಂದರೆ ಮೊದಲ ಹಂತದ F ಮೌಲ್ಯ 25. ಇದು ರೂಢಿಯ ಗಡಿಯಾದ 10ನ್ನು ಮೀರುತ್ತದೆ. ಆದರೆ ಸಾಧನದ ಮೌಲ್ಯ ಸರಣಿಯ ಮಟ್ಟದಲ್ಲಿ ನಿರ್ಧಾರವಾಗುವುದರಿಂದ ದೋಷಗಳನ್ನು ಸರಣಿಯ ಗುಂಪಿನಲ್ಲಿ ಲೆಕ್ಕ ಹಾಕಬೇಕು, ಮತ್ತು 18 ಗುಂಪುಗಳು ಹೆಚ್ಚೇನಲ್ಲ. ಹಾಗಾಗಿ ಎರಡನೇ ಹಂತದ ತೀರ್ಮಾನಗಳಿಗೆ F ಮೌಲ್ಯವನ್ನು ನೆಚ್ಚದೆ, ಸಾಧನ ದುರ್ಬಲವಾಗಿದ್ದರೂ ನಿಲ್ಲುವ ಆಂಡರ್ಸನ್–ರೂಬಿನ್ ಪರೀಕ್ಷೆಯ ವಿಶ್ವಾಸ ವ್ಯಾಪ್ತಿಯನ್ನು ಬೂಟ್‌ಸ್ಟ್ರಾಪ್ ಮೂಲಕ ಕೊಟ್ಟಿದ್ದೇವೆ. ಹತ್ತು ಅಡಿ ಏರಿಕೆಗೆ ಸಾಮಾನ್ಯ ಕನಿಷ್ಠ ವರ್ಗ ವಿಧಾನದಲ್ಲಿ ಬಡ್ಡಿ ಸಾಲ ₹1,900 ಇಳಿದರೆ, ಸಾಧನ ಚರ ವಿಧಾನದಲ್ಲಿ ₹6,200 ಇಳಿಯುತ್ತದೆ (95% ವ್ಯಾಪ್ತಿ: ₹2,400ರಿಂದ ₹11,600ರ ಇಳಿಕೆ). ಅನುಕೂಲಸ್ಥ ಊರುಗಳ ಹೆಚ್ಚು ನೀರೆತ್ತುವಿಕೆ ಮತ್ತು ಅಳತೆಯ ತಪ್ಪು, ಇವೆರಡೂ ಮೊದಲಿನ ಅಂದಾಜನ್ನು ಸೊನ್ನೆಯತ್ತ ಎಳೆದಿದ್ದವು ಎಂಬುದಕ್ಕೆ ಈ ಅಂತರ ಹೊಂದುತ್ತದೆ.

4.4 ನೀರು ಬಿದ್ದ ಜಾಗದ ಆಯ್ಕೆ

ಪಂಪಿನ ನೀರು ಯಾವ ಕೆರೆಗೆ ಬೀಳಬೇಕೆಂಬುದನ್ನು ಮನುಷ್ಯರು ನಿರ್ಧರಿಸಿದ್ದಾರೆ, ಅದರಲ್ಲಿ ಪ್ರಭಾವ ಕೆಲಸ ಮಾಡಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕಾಗಿಯೇ ನೀರು ನೇರವಾಗಿ ಬೀಳುವ ಕೆರೆಗಳ ಊರುಗಳನ್ನು ಮಾದರಿಯಿಂದ ಕೈಬಿಟ್ಟಿದ್ದೇವೆ, ಮತ್ತು ಇಡೀ ಸರಣಿಗೆ ಆದ ಪಕ್ಷಪಾತವನ್ನು P × T ಹಿಡಿಯುತ್ತದೆ. ಉಳಿಯುವುದು ಒಂದೇ ಸರಣಿಯ ಒಳಗಿನ ಮೇಲು–ಕೆಳಗಿನ ವ್ಯತ್ಯಾಸ. 2017ಕ್ಕಿಂತ ಹಿಂದಿನ ಹತ್ತು ವರ್ಷಗಳಲ್ಲಿ ಕೊರೆದ ಬೋರ್‌ವೆಲ್‌ಗಳಲ್ಲಿ ನೀರು ಸಿಕ್ಕ ಆಳವನ್ನು ಕೊರೆದ ವರ್ಷದ ಪ್ರಕಾರ ಜೋಡಿಸಿ ನೋಡಿದಾಗ, ಯೋಜನೆಯ ಸರಣಿಗಳಲ್ಲೂ ಉಳಿದವುಗಳಲ್ಲೂ ಮೇಲಿನ ಮತ್ತು ಕೆಳಗಿನ ಊರುಗಳ ಆಳ ಒಂದೇ ವೇಗದಲ್ಲಿ ಹೆಚ್ಚುತ್ತಾ ಬಂದಿದೆ.

ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳು ಇದಕ್ಕಿಂತ ಗಂಭೀರವಾದ ತೊಡಕು. ಲಕ್ಷ್ಮೀಸಾಗರದ ಆಸುಪಾಸಿನ ಮನೆಗಳಿಗೆ ಇದೇ ವರ್ಷಗಳಲ್ಲಿ ಕಾರ್ಖಾನೆಯ ಸಂಬಳ ಬರತೊಡಗಿತು, ಜಮೀನಿನ ಬೆಲೆಯೂ ಏರಿತು. ಇವೆರಡೂ ನೀರಿನ ಹಂಗಿಲ್ಲದೆ ಸಾಲ ತೀರಿಸಬಲ್ಲವು. ಈ ಎರಡು ಪ್ರದೇಶಗಳಿಂದ 10 ಕಿ.ಮೀ. ಒಳಗಿನ ಊರುಗಳನ್ನೆಲ್ಲ ಬಿಟ್ಟು ಅಂದಾಜಿಸಿದಾಗ ಇಳಿಕೆ ₹5,700 ಆಗುತ್ತದೆ, ಚಿಹ್ನೆಯಾಗಲಿ ತೀರ್ಮಾನವಾಗಲಿ ಬದಲಾಗುವುದಿಲ್ಲ. 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಬೆಳೆ ಸಾಲ ಮನ್ನಾ ಕೂಡ ಇದೇ ಅವಧಿಗೆ ಸೇರಿದ್ದು. ಅದು ಎಲ್ಲ ಊರುಗಳಿಗೂ ಅನ್ವಯಿಸಿದರೂ ಸಹಕಾರ ಸಂಘದ ಸಾಲ ಹೆಚ್ಚಿದ್ದವರಿಗೆ ಹೆಚ್ಚು ಲಾಭವಾದದ್ದರಿಂದ, 2017ರ ಸಾಂಸ್ಥಿಕ ಬೆಳೆ ಸಾಲವನ್ನು ಅವಧಿಯೊಂದಿಗೆ ಗುಣಿಸಿ ನಿಯಂತ್ರಣ ಚರವಾಗಿ ಸೇರಿಸಿದ್ದೇವೆ. ಎರಡನೇ ಸಮೀಕ್ಷೆ ಕೋವಿಡ್ ಲಾಕ್‌ಡೌನ್‌ಗೂ 2021ರ ಭಾರಿ ಮಳೆಗೂ ಮೊದಲೇ ಮುಗಿದಿರುವುದರಿಂದ ಆ ಎರಡರ ಪ್ರಶ್ನೆ ಏಳುವುದಿಲ್ಲ.

4.5 ಏಕಮಾರ್ಗ ಷರತ್ತು

ಸಾಧನ ಚರವು ಸಾಲವನ್ನು ನೀರಿನ ಮಟ್ಟದ ಮೂಲಕ ಮಾತ್ರ ತಟ್ಟಬೇಕೆಂಬ ಷರತ್ತನ್ನು ನೇರವಾಗಿ ಪರೀಕ್ಷಿಸಲು ಬರುವುದಿಲ್ಲ. ಬೇರೆ ದಾರಿಗಳನ್ನು ಒಂದೊಂದಾಗಿ ಎದುರಿಸಿ ವಾದಿಸಬೇಕಾಗುತ್ತದೆ. ಮೊದಲು ಒಂದು ವಿವೇಚನೆ ಅಗತ್ಯ. ನೀರು ಬಂದ ಮೇಲೆ ರೈತನು ಟೊಮೆಟೊ ಹೆಚ್ಚಿಸಿ ಮಂಡಿಯಿಂದ ಮುಂಗಡ ಪಡೆದರೆ, ಅಥವಾ ಹೊಸ ಬೋರ್‌ವೆಲ್ ಕೊರೆಸುವ ಖರ್ಚು ಉಳಿದು ಸಾಲ ತೀರಿದರೆ, ಅವು ಷರತ್ತಿನ ಉಲ್ಲಂಘನೆಯಲ್ಲ. ನಾವು ಅಳೆಯಬಯಸುವ ಪರಿಣಾಮದ ಭಾಗಗಳೇ ಅವು.

ನಿಜವಾದ ಬೇರೆ ದಾರಿ ತುಂಬಿದ ಕೆರೆಯೇ. ಕೆರೆಯಲ್ಲಿ ನೀರು ನಿಂತರೆ ದನಕರುಗಳಿಗೆ ಅನುಕೂಲ, ಮೀನಿನ ಹರಾಜಿನಿಂದ ಪಂಚಾಯಿತಿಗೆ ಆದಾಯ, ಹಾಲಿನ ಹಣ ಹೆಚ್ಚಿ ಸಾಲ ಕಡಿಮೆಯಾಗಬಹುದು. ಈ ಅನುಕೂಲಗಳು ಬೋರ್‌ವೆಲ್ ಇದ್ದವರಿಗೂ ಇಲ್ಲದವರಿಗೂ ಒಂದೇ. ಹಾಗಾದರೆ ಬೋರ್‌ವೆಲ್ ಇಲ್ಲದೆ ಮಳೆಯನ್ನೇ ನಂಬಿ ರಾಗಿ ಬೆಳೆಯುವ ಅದೇ ಊರಿನ ಖುಷ್ಕಿ ಕುಟುಂಬಗಳಲ್ಲಿ ಇದರ ಗುರುತು ಕಾಣಬೇಕು. ಬೋರ್‌ವೆಲ್ ಕುಟುಂಬಗಳಲ್ಲಿ ಸಾಧನವು ಸಾಲವನ್ನು ₹25,400 ಇಳಿಸಿದರೆ, ಖುಷ್ಕಿ ಕುಟುಂಬಗಳಲ್ಲಿ ಇಳಿಕೆ ₹1,300 ಮಾತ್ರ (ಪ್ರಮಾಣಿತ ದೋಷ ₹3,900). ನಮ್ಮ ವಾದದ ಮುಖ್ಯ ಆಧಾರ ಈ ಹೋಲಿಕೆ. ನೀರು ಹೆಚ್ಚಿದಾಗ ಕೂಲಿ ಕೆಲಸವೂ ಹೆಚ್ಚುವುದರಿಂದ ಖುಷ್ಕಿ ಕುಟುಂಬಗಳಿಗೂ ಅಂತರ್ಜಲದ ಲಾಭದ ಪಾಲು ಸಿಕ್ಕಿರಬಹುದು. ಅಂದರೆ ಈ ಪರೀಕ್ಷೆ ನಮಗೆ ಪ್ರತಿಕೂಲವಾದ ದಿಕ್ಕಿನಲ್ಲೇ ಕಟ್ಟುನಿಟ್ಟಾಗಿದೆ. ಆ ₹1,300 ಪೂರ್ತಿಯಾಗಿ ಬೇರೆ ದಾರಿಯದೆಂದು ಕಳೆದರೂ ಹತ್ತು ಅಡಿಗೆ ₹5,900 ಉಳಿಯುತ್ತದೆ. ವಿಶ್ವಾಸ ವ್ಯಾಪ್ತಿಯ ಅತ್ಯಂತ ಪ್ರತಿಕೂಲ ತುದಿಯಾದ ₹8,900ನ್ನು ಕಳೆದರೂ ₹4,000 ಉಳಿಯುತ್ತದೆ.

ಕೆರೆಯ ನೀರನ್ನು ಮೋಟಾರಿಟ್ಟು ನೇರವಾಗಿ ಹೊಲಕ್ಕೆ ಎತ್ತುವುದಕ್ಕೆ ಯೋಜನೆಯಲ್ಲಿ ಅವಕಾಶವಿಲ್ಲ, ಆದರೂ ಹಾಗೆ ನಡೆಯುವುದೇ ಇಲ್ಲವೆಂದು ಹೇಳುವುದು ಸರಿಯಲ್ಲ. ಕೆರೆಯಂಗಳಕ್ಕೆ ತಾಗಿದ ಜಮೀನುಳ್ಳ ಕುಟುಂಬಗಳನ್ನು ತೆಗೆದು ಮಾಡಿದ ಅಂದಾಜಿನಲ್ಲಿ ಇಳಿಕೆ ₹6,000 ಇದೆ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿರೀಕ್ಷೆಯ ದಾರಿ. ಕೋಡಿ ಬಿದ್ದದ್ದನ್ನು ಕಂಡ ಕೂಡಲೇ, ಬೋರ್‌ವೆಲ್‌ನಲ್ಲಿ ಒಂದಡಿ ನೀರು ಏರುವ ಮೊದಲೇ, ಸಾಲಗಾರರು ಧೈರ್ಯದಿಂದ ಹೆಚ್ಚು ಸಾಲ ಮಾಡಬಹುದು, ಅಥವಾ ಬ್ಯಾಂಕುಗಳು ಮುಂದೆ ಬಂದು ಬಡ್ಡಿ ಸಾಲದ ಅಗತ್ಯವನ್ನೇ ತಪ್ಪಿಸಬಹುದು. ಗಟ್ಟಿ ಶಿಲೆಯ ಬಿರುಕುಗಳ ಮೂಲಕ ನೀರು ಇಳಿಯಲು ಕಾಲ ಹಿಡಿಯುವುದರಿಂದ, ಕೆರೆ ತುಂಬಿದ ತಿಂಗಳಿಗೂ ಬೋರ್‌ವೆಲ್ ಚೇತರಿಸಿಕೊಂಡ ತಿಂಗಳಿಗೂ ನಡುವೆ ಒಂದು ಅಂತರವಿದೆ. ಸಮೀಕ್ಷೆಯಲ್ಲಿ ಪ್ರತಿ ಸಾಲದ ತಿಂಗಳನ್ನು ಕೇಳಿದ್ದು ಈ ಕಾರಣಕ್ಕೆ. ಆ ನಡುವಿನ ತಿಂಗಳುಗಳಲ್ಲಿ ಹೊಸ ಬಡ್ಡಿ ಸಾಲದಲ್ಲಾಗಲಿ ಬ್ಯಾಂಕ್ ಸಾಲದಲ್ಲಾಗಲಿ ಮೇಲಿನ ಮತ್ತು ಕೆಳಗಿನ ಊರುಗಳ ನಡುವೆ ಗುರುತಿಸಬಹುದಾದ ವ್ಯತ್ಯಾಸವಿಲ್ಲ. ವ್ಯತ್ಯಾಸ ಶುರುವಾಗುವುದು ಬೋರ್‌ವೆಲ್ ಚೇತರಿಸಿಕೊಂಡ ನಂತರದ ಬೆಳೆಯಿಂದ.

4.6 ಅಂದಾಜು ಯಾರಿಗೆ ಅನ್ವಯಿಸುತ್ತದೆ

ಕೆರೆಗೆ ನೀರು ಬಂದದ್ದರಿಂದ ಯಾವ ಊರಿನ ಮಟ್ಟವೂ ಇಳಿದಿರಬಾರದು ಎಂಬ ಏಕದಿಕ್ಕಿನ ಷರತ್ತು ಜಲವಿಜ್ಞಾನದ ದೃಷ್ಟಿಯಿಂದ ಸಹಜವಾಗಿದೆ. ನೀರು ಬಂತೆಂದು ಎಲ್ಲರೂ ಹೊಸದಾಗಿ ಕೊರೆಸಿ ಬಂದದ್ದಕ್ಕಿಂತ ಹೆಚ್ಚು ಎತ್ತಿದರೆ ಮಾತ್ರ ಅದು ಮುರಿಯುತ್ತದೆ. ಯೋಜನೆಯ ಸರಣಿಗಳ ಕೆಳಗಿನ ಯಾವ ಊರಿನಲ್ಲೂ ಮಟ್ಟ ಮೊದಲಿಗಿಂತ ಕೆಳಗಿಳಿದಿಲ್ಲ. ಈ ಷರತ್ತುಗಳ ಅಡಿಯಲ್ಲಿ β ಹೇಳುವುದು ಸರಣಿಯ ಹರಿವಿನಿಂದ ಮಟ್ಟ ಏರಿದ ಊರುಗಳ ಬೋರ್‌ವೆಲ್ ಕುಟುಂಬಗಳ ಕುರಿತು. ರಾಜಕಾಲುವೆ ಮುಚ್ಚಿಹೋಗಿ ಕೋಡಿಯ ನೀರು ತಲುಪದ ಊರುಗಳ ಬಗ್ಗೆ, ಅಥವಾ ಕೆರೆಯಿಂದ ದೂರದ ಎತ್ತರದ ಜಮೀನಿನಲ್ಲಿ ಸಾವಿರ ಅಡಿಗೂ ಮೀರಿ ಕೊರೆಸಿದವರ ಬಗ್ಗೆ ಈ ಗುಣಾಂಕದಿಂದ ಏನನ್ನೂ ಹೇಳಲಾಗದು. ಅಂಥ ಕುಟುಂಬಗಳ ಬಡ್ಡಿ ಸಾಲವೇ ನಮ್ಮ ಮಾದರಿಯಲ್ಲಿ ಅತಿ ಹೆಚ್ಚು. ಅವರ ಅಂಕಿಅಂಶಗಳನ್ನು ಮುಂದಿನ ವಿಭಾಗದಲ್ಲಿ ಪ್ರತ್ಯೇಕವಾಗಿ ಕೊಟ್ಟಿದ್ದೇವೆ.