ದೊಡ್ಡಮ್ಮಾ, ನೆಟ್ ಹೋದರೆ ಮೊದಲು ಇದನ್ನು ನೋಡಿ

ದೊಡ್ಡಮ್ಮಾ, ಇದನ್ನು ಸತೀಶಣ್ಣನ ಹತ್ತಿರ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಟಿವಿ ಪಕ್ಕದ ಗೋಡೆಗೆ ಅಂಟಿಸಿಕೊಳ್ಳಿ. ಫೋನಲ್ಲೇ ಇಟ್ಟುಕೊಂಡರೆ ನೆಟ್ ಇಲ್ಲದ ದಿನ ತೆರೆಯದೇ ಹೋಗಬಹುದು, ಅವತ್ತೇ ತಾನೇ ಇದು ಬೇಕಾಗುವುದು.

ಗೌರಿ ಹಬ್ಬದ ಸಂಜೆ ಆದದ್ದು ನನಗೆ ಇನ್ನೂ ಮನಸ್ಸಿನಲ್ಲಿದೆ. ಇಲ್ಲಿ ಅಮ್ಮ ಆರತಿ ತಟ್ಟೆ ಹಿಡಿದುಕೊಂಡು ಫೋನ್ ಮುಂದೆ ನಿಂತಿದ್ದರು, ಅಲ್ಲಿ ನ್ಯೂಜೆರ್ಸಿಯಲ್ಲಿ ನಿಮಗೆ ಬೆಳಿಗ್ಗೆ, ಸತೀಶಣ್ಣ ಆಫೀಸಿಗೆ ಹೋಗಿಯಾಗಿತ್ತು, ವಿಡಿಯೋ ಬರಲೇ ಇಲ್ಲ. ನಾವು ಎರಡು ಗಂಟೆ ಪರದಾಡಿದೆವು. ಕೊನೆಗೆ ನೋಡಿದರೆ ಬಾಗಿಲ ಪಕ್ಕದ ಸ್ವಿಚ್ ಆಫ್ ಆಗಿತ್ತು. ರೂಮಿಂದ ಆಚೆ ಬರುವಾಗ ಸ್ವಿಚ್ ಆರಿಸುವುದು ನಿಮಗೆ ಗುಬ್ಬಿ ಊರಿನ ಮನೆಯಿಂದ ಬಂದ ಅಭ್ಯಾಸ, ಅದು ತಪ್ಪೇ ಅಲ್ಲ. ಆ ಸ್ವಿಚ್‌ಗೂ ರೌಟರ್‌ಗೂ ಸಂಬಂಧ ಇದೆ ಅಂತ ಯಾರೂ ನಿಮಗೆ ಹೇಳಿರಲಿಲ್ಲ, ಅಷ್ಟೇ. ಅವತ್ತೇ ಅಂದುಕೊಂಡೆ, ಎಲ್ಲವನ್ನೂ ಬರೆದು ಕಳಿಸಬೇಕು ಅಂತ.

ನಾನು ತುಮಕೂರಲ್ಲಿ ದಿನಾ ಇದೇ ಕೆಲಸ ಮಾಡುವವನು. ಇವತ್ತು ಕ್ಯಾತಸಂದ್ರ, ನಾಳೆ ಸಿರಾ ಗೇಟ್, ಮನೆ ಮನೆಗೆ ಹೋಗಿ ವೈರ್ ಎಳೆಯುತ್ತೇನೆ, ಕಂಪ್ಲೇಂಟ್ ನೋಡುತ್ತೇನೆ. ಎಷ್ಟೋ ಮನೆಗಳಲ್ಲಿ ಡಬ್ಬಿ ಕೆಟ್ಟಿರುವುದೇ ಇಲ್ಲ. ಕಸ ಗುಡಿಸುವಾಗ ಪೊರಕೆ ತಗುಲಿ ಒಂದು ವೈರ್ ಅರ್ಧ ಆಚೆ ಬಂದಿರುತ್ತದೆ. ಅದನ್ನು ಒತ್ತಿದರೆ ಮುಗಿಯಿತು. ಹಾಗಾಗಿ ಹೆದರಬೇಡಿ. ಕೆಳಗೆ ಹೇಳಿದಷ್ಟನ್ನೇ ಮಾಡಿದರೆ ನಿಮ್ಮಿಂದ ಏನೂ ಹಾಳಾಗುವುದಿಲ್ಲ.

ಶುರು ಮಾಡುವ ಮುಂಚೆ

ಕೈ ಒರೆಸಿಕೊಳ್ಳಿ, ಒದ್ದೆ ಇರಬಾರದು. ಕನ್ನಡಕ ಹಾಕಿಕೊಳ್ಳಿ. ಮಂಡಿ ಊರಿ ಕೂರಬೇಡಿ, ಡೈನಿಂಗ್ ಟೇಬಲ್‌ನ ಒಂದು ಕುರ್ಚಿ ಎಳೆದುಕೊಂಡು ಕೂತೇ ನೋಡಿ. ಡಬ್ಬಿಯ ಹಿಂದೆ ಬಗ್ಗಿ ನೋಡಲು ಆಗದಿದ್ದರೆ ಫೋನನ್ನು ಹಿಂದೆ ಹಿಡಿದು ಒಂದು ಫೋಟೋ ತೆಗೆದು, ಆಮೇಲೆ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿ. ನಾನೂ ಅಟ್ಟದ ಮೇಲಿನ ಡಬ್ಬಿಗಳನ್ನು ಹಾಗೇ ನೋಡುವುದು.

1. ನೆಟ್ ಹೋಗಿರುವುದು ಎಲ್ಲದಕ್ಕೂನಾ, ಒಂದಕ್ಕೇನಾ?

ಫೋನಲ್ಲಿ ಬರುತ್ತಿಲ್ಲ ಅಂದರೆ ಟಿವಿಯಲ್ಲಿ ಭಜನೆ ವಿಡಿಯೋ ಹಾಕಿ ನೋಡಿ. ಟಿವಿಯಲ್ಲಿ ಬಂದರೆ ರೌಟರ್ ಸರಿ ಇದೆ, ತೊಂದರೆ ಫೋನಿನದು. ಆಗ ವೈರ್‌ಗಳನ್ನು ಮುಟ್ಟಲೇಬೇಡಿ, ನೇರ 6ನೇ ನಂಬರಿಗೆ ಬನ್ನಿ. ಎರಡರಲ್ಲೂ ಇಲ್ಲ ಅಂದರೆ ಮುಂದಕ್ಕೆ ಓದಿ.

2. ಕರೆಂಟ್

ನಮ್ಮಲ್ಲಿ ಪ್ರತಿ ಸಾಕೆಟ್ ಪಕ್ಕ ಒಂದು ಸ್ವಿಚ್ ಇರುತ್ತದೆ, ಅಲ್ವಾ? ಅಮೆರಿಕದಲ್ಲಿ ಸಾಕೆಟ್‌ಗೆ ಸಾಮಾನ್ಯವಾಗಿ ಸ್ವಿಚ್ ಇರುವುದಿಲ್ಲ, ಪ್ಲಗ್ ಹಾಕಿದರೆ ಕರೆಂಟ್ ಬಂದೇ ಇರುತ್ತದೆ. ಆದರೆ ಕೆಲವು ಸಾಕೆಟ್‌ಗಳನ್ನು ಬಾಗಿಲ ಪಕ್ಕದ ಸ್ವಿಚ್‌ಗೆ ಸೇರಿಸಿರುತ್ತಾರೆ, ಟೇಬಲ್ ಲ್ಯಾಂಪನ್ನು ಅಲ್ಲಿಂದಲೇ ಹಾಕಿ ಆರಿಸಲಿ ಅಂತ. ನಿಮ್ಮ ಹಾಲಿನಲ್ಲಿ ಇರುವುದು ಅಂಥದ್ದೇ. ಸತೀಶಣ್ಣನಿಗೆ ಹೇಳಿದ್ದೇನೆ, ಆ ಸ್ವಿಚ್ ಮೇಲೆ ಕೆಂಪು ಟೇಪ್ ಅಂಟಿಸುತ್ತಾನೆ. ಕೆಂಪು ಟೇಪ್ ಇರುವ ಸ್ವಿಚ್ ಯಾವಾಗಲೂ ಮೇಲಕ್ಕೆ ಇರಬೇಕು. ಅಲ್ಲಿ ಸ್ವಿಚ್ ಮೇಲಕ್ಕಿದ್ದರೆ ಆನ್, ಕೆಳಗಿದ್ದರೆ ಆಫ್, ನಮ್ಮ ಮನೆಗೆ ಉಲ್ಟಾ.

ಆಮೇಲೆ ಟಿವಿ ಟೇಬಲ್ ಹಿಂದಿನ ಎಕ್ಸ್‌ಟೆನ್ಷನ್ ಬೋರ್ಡ್ ನೋಡಿ. ಅದರ ತುದಿಯಲ್ಲಿರುವ ಸ್ವಿಚ್‌ನಲ್ಲಿ ಕೆಂಪು ಲೈಟ್ ಉರಿಯುತ್ತಿರಬೇಕು. ಉರಿಯದಿದ್ದರೆ ನಿಮ್ಮ ಫೋನ್ ಚಾರ್ಜರನ್ನು ಅದೇ ಬೋರ್ಡಿಗೆ ಹಾಕಿ ಪರೀಕ್ಷೆ ಮಾಡಿ. ಫೋನ್ ಚಾರ್ಜ್ ಆಗಲಿಲ್ಲ ಅಂದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಇನ್ನೇನೂ ನೋಡುವುದು ಬೇಡ, ಸತೀಶಣ್ಣನಿಗೆ ಹೇಳಿ. ಕರೆಂಟಿನ ಮೇನ್ ಬಾಕ್ಸ್ ಹತ್ತಿರ ನೀವು ಹೋಗಬೇಡಿ.

3. ಲೈಟುಗಳು

ಇದನ್ನು ಮಾತ್ರ ನಿಧಾನವಾಗಿ ಓದಿ. ಲೈಟುಗಳು ನಿಜವಾಗಿ ನಮ್ಮ ಜೊತೆ ಮಾತಾಡುತ್ತವೆ.

ನಿಮ್ಮಲ್ಲಿ ಎರಡು ಡಬ್ಬಿ ಇವೆ, ಸತೀಶಣ್ಣ ಕಳಿಸಿದ ಫೋಟೋ ಮುಂದೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಗೋಡೆಗೆ ಮೊಳೆ ಹೊಡೆದು ಕೂರಿಸಿರುವ ಬಿಳಿ ಡಬ್ಬಿಗೆ ಬೀದಿಯಿಂದ ವೈರ್ ಬರುತ್ತದೆ. ಟಿವಿ ಪಕ್ಕ ಇರುವ ಕಪ್ಪು ಡಬ್ಬಿ ರೌಟರ್, ಅದು ಮನೆಯೊಳಗೆ ವೈಫೈ ಹಂಚುತ್ತದೆ. ಊರ ಹೊರಗಿನ ಟ್ಯಾಂಕ್ ಮತ್ತು ಮನೆಯ ನಲ್ಲಿ ಅಂದುಕೊಳ್ಳಿ. ಟ್ಯಾಂಕಿಂದಲೇ ನೀರು ಬರದಿದ್ದರೆ ನಲ್ಲಿ ತಿರುಗಿಸಿ ಏನು ಪ್ರಯೋಜನ? ಅದಕ್ಕೆ ಮೊದಲು ಬಿಳಿ ಡಬ್ಬಿ.

ಬಿಳಿ ಡಬ್ಬಿಯಲ್ಲಿ POWER ಅಂತ ಬರೆದಿರುವ ಲೈಟ್ ಹಸಿರಾಗಿ ಉರಿಯುತ್ತಿರಬೇಕು. PON ಅನ್ನುವುದೂ ಹಸಿರು, ಮಿಣುಕದೆ ಒಂದೇ ಸಮ ಇರಬೇಕು. PON ಮಿಣುಕುತ್ತಿದ್ದರೆ ಡಬ್ಬಿ ಕಂಪನಿಯ ಮಿಷನ್ ಜೊತೆ ಸೇರಲು ಇನ್ನೂ ಪ್ರಯತ್ನ ಮಾಡುತ್ತಿದೆ ಅಂತ ಅರ್ಥ. LOS ಅನ್ನುವುದು ಆರಿರಬೇಕು. ಅದು ಕೆಂಪಾಗಿದ್ದರೆ ಬೀದಿಯಿಂದ ಬರಬೇಕಾದ ಬೆಳಕಿನ ಸಿಗ್ನಲ್ ಬರುತ್ತಿಲ್ಲ. LAN ಅನ್ನುವುದು ಪಟಪಟ ಮಿಣುಕುತ್ತದೆ. ಅದು ಒಳ್ಳೆಯದೇ, ಗಾಬರಿ ಬೇಡ.

ಕಪ್ಪು ರೌಟರ್‌ನಲ್ಲಿ POWER, INTERNET ಎರಡೂ ಹಸಿರು ಇರಬೇಕು. INTERNET ಕೆಂಪು ಅಥವಾ ಕಿತ್ತಳೆ ಬಣ್ಣ ಇದ್ದರೆ ರೌಟರ್‌ಗೆ ಜೀವ ಇದೆ, ಹೊರಗಿಂದ ನೆಟ್ ಬರುತ್ತಿಲ್ಲ. ಬಿಳಿ ಡಬ್ಬಿಯಲ್ಲಿ ಎಲ್ಲ ಸರಿ ಇದ್ದು ಇಲ್ಲಿ ಮಾತ್ರ ಕೆಂಪು ಅಂದರೆ, ಎರಡು ಡಬ್ಬಿಗಳ ಮಧ್ಯದ ವೈರ್ ಮೇಲೆ ನನಗೆ ಮೊದಲ ಅನುಮಾನ.

ಈ ಲೈಟುಗಳನ್ನು ನೋಡಿದ ಕೂಡಲೇ ಎರಡು ಡಬ್ಬಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ವೈರ್ ಮುಟ್ಟುವ ಮುಂಚೆಯೇ.

4. ವೈರ್‌ಗಳು

ಎರಡು ಡಬ್ಬಿಗಳ ಮಧ್ಯೆ ಒಂದು ನೀಲಿ ವೈರ್ ಇದೆ. ಅದರ ಒಂದು ತುದಿ ಬಿಳಿ ಡಬ್ಬಿಯ LAN ತೂತಿನಲ್ಲಿ, ಇನ್ನೊಂದು ತುದಿ ರೌಟರ್‌ನ WAN ತೂತಿನಲ್ಲಿ ಇರಬೇಕು. ರೌಟರ್ ಹಿಂದೆ ಅದೇ ಥರದ ಇನ್ನೂ ನಾಲ್ಕು ಹಳದಿ ತೂತುಗಳಿವೆ, ಅಲ್ಲಿಗೆ ಹಾಕಿದರೆ ಸರಿಯಾಗಿ ಕೂರುತ್ತದೆ, ಆದರೆ ನೆಟ್ ಬರುವುದಿಲ್ಲ. ನೆಲ ಒರೆಸಲು ಬಂದವರು ತೆಗೆದು ಹಾಕುವಾಗ ಈ ತಪ್ಪು ಆಗುವುದನ್ನು ಇಲ್ಲಿ ತುಂಬಾ ನೋಡಿದ್ದೇನೆ. ವೈರ್ ತುದಿಯಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ನಾಲಿಗೆ ಇರುತ್ತದೆ. ತುದಿಯನ್ನು ಹಿಡಿದು ಒಳಗೆ ಒತ್ತಿ, ಟಕ್ ಅಂತ ಸದ್ದು ಬರಬೇಕು. ಸದ್ದು ಕೇಳಿಸದಿದ್ದರೆ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಿ, ಬರಬಾರದು. ಎರಡೂ ತುದಿಗೆ ಹೀಗೆ ಮಾಡಿ. ನಾಲಿಗೆ ಮುರಿದಿದ್ದರೆ ವೈರ್ ನಿಲ್ಲುವುದಿಲ್ಲ, ಹೊಸದು ತರಬೇಕು.

ಎರಡೂ ಡಬ್ಬಿಗಳಿಗೆ ಹೋಗುವ ಕರೆಂಟ್ ಪಿನ್ ಸಹ ಒಮ್ಮೆ ಒತ್ತಿ. ಅಡಾಪ್ಟರ್‌ಗಳನ್ನು ಮಾತ್ರ ಅದಲು ಬದಲು ಮಾಡಬೇಡಿ. ಪಿನ್ ಕೂತರೂ ಒಳಗಿನ ಲೆಕ್ಕ ಬೇರೆ ಇರಬಹುದು, ಡಬ್ಬಿ ಸುಟ್ಟು ಹೋದೀತು.

ಇನ್ನು ಬಿಳಿ ಡಬ್ಬಿಯ ಕೆಳಗೆ ಹಸಿರು ತುದಿ ಇರುವ ತೆಳ್ಳನೆ ಹಳದಿ ವೈರ್ ಇದೆ. ದೊಡ್ಡಮ್ಮಾ, ಇದನ್ನು ಕಣ್ಣಿಂದ ಮಾತ್ರ ನೋಡಿ. ಅದರೊಳಗೆ ತಾಮ್ರ ಇಲ್ಲ, ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆ ಇದೆ. ಅದರಲ್ಲಿ ಲೇಸರ್ ಬೆಳಕು ಓಡುತ್ತದೆ, ಆ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಒಳ್ಳೆಯದಲ್ಲ. ಹಾಗಾಗಿ ಬಿಚ್ಚಬೇಡಿ, ತುದಿಯೊಳಗೆ ಇಣುಕಬೇಡಿ, ಬಟ್ಟೆಯಿಂದ ಒರೆಸಬೇಡಿ. ಕುರ್ಚಿ ಕಾಲಿನ ಕೆಳಗೆ ಸಿಕ್ಕಿಕೊಂಡಿದೆಯಾ, ಎಲ್ಲಾದರೂ ಮಡಿಚಿಕೊಂಡಿದೆಯಾ ಅಂತ ನೋಡಿದರೆ ಸಾಕು. ಕಾಫಿ ಲೋಟದ ಸುತ್ತಿಗಿಂತ ಚಿಕ್ಕದಾಗಿ ಬಗ್ಗಿದರೆ ಬೆಳಕು ಸೋರಿ ಹೋಗುತ್ತದೆ. ಕುರ್ಚಿ ಸರಿಸಿ, ವೈರನ್ನು ಸಡಿಲ ಬಿಡಿ. ಒಮ್ಮೊಮ್ಮೆ ಅಷ್ಟಕ್ಕೇ LOS ಆರಿಹೋಗುತ್ತದೆ.

5. ಆರಿಸಿ ಹಾಕುವುದು

ಎಲ್ಲ ವೈರ್ ಸರಿ ಇದ್ದೂ ನೆಟ್ ಬರದಿದ್ದರೆ ಎರಡೂ ಡಬ್ಬಿಗಳ ಪ್ಲಗ್ ತೆಗೆಯಿರಿ. ಒಂದು ನಿಮಿಷ ಪೂರ್ತಿ ಕಾಯಿರಿ. ಮೊದಲು ಬಿಳಿ ಡಬ್ಬಿಯ ಪ್ಲಗ್ ಹಾಕಿ, PON ಮಿಣುಕುವುದು ನಿಲ್ಲುವ ತನಕ ಬಿಡಿ, ಎರಡು ಮೂರು ನಿಮಿಷ ಆಗಬಹುದು. ಆಮೇಲೆ ರೌಟರ್. ಅದು ಏಳಲು ಐದು ನಿಮಿಷ ಕೊಡಿ, ಅಷ್ಟರಲ್ಲಿ ಒಂದು ಕಾಫಿ ಮಾಡಿಕೊಂಡು ಬನ್ನಿ. ಮಧ್ಯದಲ್ಲಿ ಮತ್ತೆ ಮತ್ತೆ ಆರಿಸಬೇಡಿ. ಇದನ್ನು ಒಂದೇ ಸಲ ಮಾಡುವುದು. LOS ಕೆಂಪಾಗೇ ಇದ್ದರೆ ಹತ್ತು ಸಲ ಮಾಡಿದರೂ ಉಪಯೋಗ ಇಲ್ಲ, ಅದು ಕಂಪನಿಯವರು ಬಂದು ನೋಡಬೇಕಾದ ಕೆಲಸ.

ರೌಟರ್ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತು ಇದೆ, ಪಕ್ಕದಲ್ಲಿ RESET ಅಂತ ಇದೆ. ಯಾರೇ ಹೇಳಿದರೂ ಅದನ್ನು ಚುಚ್ಚಬೇಡಿ. ಚುಚ್ಚಿದರೆ ಸತೀಶಣ್ಣ ಇಟ್ಟಿರುವ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ ಹೋಗುತ್ತದೆ.

6. ಫೋನ್

ಫೋನಿನ ಮೇಲೆ ವಿಮಾನದ ಚಿತ್ರ ಇದ್ದರೆ ಅದನ್ನು ಆಫ್ ಮಾಡಿ. ವೈಫೈ ಆನ್ ಇದೆಯಾ, TUMKUR_MANE ಅನ್ನುವ ಹೆಸರಿಗೆ ಸೇರಿದೆಯಾ ನೋಡಿ. ಅಕ್ಕಪಕ್ಕದ ಮನೆಯವರ ಹೆಸರುಗಳೂ ಕಾಣುತ್ತವೆ, ಅವನ್ನು ಬಿಡಿ. ಹೆಸರು ಸರಿ ಇದ್ದು ಪಕ್ಕದಲ್ಲಿ ಆಶ್ಚರ್ಯ ಚಿಹ್ನೆ ಇದ್ದರೆ ವೈಫೈ ಸಿಕ್ಕಿದೆ, ನೆಟ್ ಸಿಕ್ಕಿಲ್ಲ. ಟಿವಿಯಲ್ಲಿ ನೆಟ್ ಬರುತ್ತಿದ್ದರೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಸಾಮಾನ್ಯವಾಗಿ ಸರಿಹೋಗುತ್ತದೆ.

7. ಈಗ ನನಗೆ ಫೋನ್ ಮಾಡಿ

ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ, ಆಗ ವಾಟ್ಸಾಪ್ ಹೋಗುತ್ತದೆ. ಮೊದಲು ಆ ಎರಡು ಫೋಟೋ ಕಳಿಸಿ, ಕೆಳಗೆ ಹೀಗೆ ಒಂದು ವಾಯ್ಸ್ ಮೆಸೇಜ್ ಹಾಕಿ: "ಬೆಳಿಗ್ಗೆ 8ರಿಂದ ನೆಟ್ ಇಲ್ಲ ಕಣೋ, ಟಿವಿಗೂ ಇಲ್ಲ ಫೋನಿಗೂ ಇಲ್ಲ. POWER ಹಸಿರು, PON ಆರಿದೆ, LOS ಕೆಂಪು. ವೈರ್ ಎಲ್ಲ ಒತ್ತಿದೆ, ಒಂದು ಸಲ ಆರಿಸಿ ಹಾಕಿದೆ." ಇಷ್ಟು ಸಿಕ್ಕರೆ ಇಲ್ಲಿ ಕೂತೇ ಯಾವ ಕಡೆ ತೊಂದರೆ ಅಂತ ನನಗೆ ಗೊತ್ತಾಗುತ್ತದೆ. ಕಂಪನಿಗೆ ಫೋನ್ ಮಾಡಬೇಕಾದರೂ ಸತೀಶಣ್ಣ ಇದನ್ನೇ ಓದಿ ಹೇಳಬಹುದು.

ಒಂದು ಮಾತು. ನೆಟ್ ಕಂಪನಿಯಿಂದ ಅಂತ ಹೇಳಿ ತಾವಾಗಿಯೇ ಯಾರಾದರೂ ಫೋನ್ ಮಾಡಿ, ನಿಮ್ಮ ರೌಟರ್ ಕೆಟ್ಟಿದೆ, ಒಂದು ಆ್ಯಪ್ ಹಾಕಿಕೊಳ್ಳಿ, ಬಂದ ನಂಬರ್ ಹೇಳಿ ಅಂದರೆ ತಕ್ಷಣ ಇಟ್ಟುಬಿಡಿ. ಬಿಲ್ ಮೇಲಿರುವ ನಂಬರಿಗೆ ನಾವೇ ಮಾಡಿದ ಫೋನ್ ಮಾತ್ರ ನಿಜವಾದದ್ದು.

ನಿಮಗೆ ಬೆಳಿಗ್ಗೆ 9 ಆದಾಗ ನಮಗೆ ಸಂಜೆ 6:30, ನವೆಂಬರಲ್ಲಿ ಗಡಿಯಾರ ಹಿಂದಕ್ಕೆ ಇಟ್ಟ ಮೇಲೆ 7:30. ರಾತ್ರಿ ಹನ್ನೊಂದರ ತನಕ ನಾನು ಎದ್ದೇ ಇರುತ್ತೇನೆ. ಈ ಕಾಗದದಲ್ಲಿ ಒಂದು ಸಾಲೂ ಅರ್ಥವಾಗಲಿಲ್ಲ ಅಂದರೂ, ಒಂದು ವೈರೂ ಮುಟ್ಟಲು ಧೈರ್ಯ ಬರಲಿಲ್ಲ ಅಂದರೂ ಫೋನ್ ಮಾಡಿ ದೊಡ್ಡಮ್ಮಾ, ಇಬ್ಬರೂ ಸೇರಿ ನೋಡೋಣ.