ಅಭ್ಯಾಸ ಹಾಳೆ: ಸರಾಸರಿ, ಮಧ್ಯಾಂಕ, ಬಹುಲಕ
7ನೇ ತರಗತಿ · ಗಣಿತ · 40 ನಿಮಿಷ · 15 ಅಂಕ

ಅಂಕಿಗಳೆಲ್ಲ ಅಭ್ಯಾಸಕ್ಕೆಂದು ಮಾಡಿಕೊಂಡವು. ಏರಿಕೆ ಕ್ರಮದ ಸಾಲು ಬರೆಯದೆ ಬರೀ ಉತ್ತರ ಬರೆದರೆ ಮಧ್ಯಾಂಕಕ್ಕೆ ಅಂಕ ಇಲ್ಲ, ಉತ್ತರ ಸರಿ ಇದ್ದರೂ.

ಮಾಡಿ ತೋರಿಸಿದ ಲೆಕ್ಕ

ರಾಯಚೂರಿನಲ್ಲಿ ಮೇ ತಿಂಗಳ ಒಂದು ವಾರ, ಸೋಮವಾರದಿಂದ ಭಾನುವಾರದವರೆಗೆ ಗರಿಷ್ಠ ಉಷ್ಣಾಂಶ (°ಸೆ):

42, 39, 43, 35, 41, 42, 38

ಸರಾಸರಿ: 280 ÷ 7 = 40. ಕೂಡುವುದಕ್ಕೆ ಕ್ರಮ ಬೇಕಿಲ್ಲ.

ಬಹುಲಕ: 42, ಎರಡು ಸಲ ಬಂದಿದೆ.

ಮಧ್ಯಾಂಕ: ಕೊಟ್ಟ ಸಾಲಿನ ನಡುವೆ 35 ಇದೆ. ಆದರೆ ಅದು ಮಳೆ ಬಂದ ಗುರುವಾರದ್ದು, ವಾರದಲ್ಲೇ ಅತಿ ಕಡಿಮೆ. ಅತಿ ಕಡಿಮೆಯದು ನಡುವಿನದು ಹೇಗಾದೀತು? ಸಾಲು ಇನ್ನೂ ದಿನಗಳ ಕ್ರಮದಲ್ಲಿದೆ, ಬೆಲೆಗಳ ಕ್ರಮದಲ್ಲಿಲ್ಲ. ಜೋಡಿಸಿ:

35, 38, 39, 41, 42, 42, 43

(7 + 1) ÷ 2 = 4ನೇ ಬೆಲೆ, 41. ಎಡಕ್ಕೆ ಮೂರು, ಬಲಕ್ಕೆ ಮೂರು.

ಜೋಡಿಸುವಾಗ ಬರೆದುಕೊಂಡ ಪ್ರತಿ ಸಂಖ್ಯೆಯನ್ನೂ ಮೂಲ ಸಾಲಿನಲ್ಲಿ ಪೆನ್ಸಿಲ್‌ನಿಂದ ಹೊಡೆದುಹಾಕುತ್ತಾ ಹೋಗಿ. ಕೊನೆಗೆ ಎರಡೂ ಸಾಲು ಎಣಿಸಿ.

ಪ್ರಶ್ನೆಗಳು

1. ಬಳ್ಳಾರಿಯ ಅಂಗಡಿಯೊಂದರಲ್ಲಿ ಒಂದು ದಿನ ಮಾರಾಟವಾದ ಜೀನ್ಸ್ ಪ್ಯಾಂಟ್‌ಗಳ ಸೊಂಟದ ಅಳತೆ (ಇಂಚು): 34, 30, 32, 34, 28, 36, 34, 32, 30. ಮೂರನ್ನೂ ಕಂಡುಹಿಡಿಯಿರಿ. ಹೊಸ ಮಾಲು ತರಿಸಲು ಅಂಗಡಿಯವರು ಯಾವುದನ್ನು ನೋಡಬೇಕು? (4)

2. ಗಂಗಾವತಿಯ ಆರು ರೈತರು ಮಾರಿದ ಭತ್ತದ ಚೀಲಗಳು: 48, 62, 35, 180, 50, 45. ಮೂರನ್ನೂ ಕಂಡುಹಿಡಿಯಿರಿ. ಎಷ್ಟು ರೈತರು ಸರಾಸರಿಗಿಂತ ಕಡಿಮೆ ಮಾರಿದ್ದಾರೆ? (5)

3. ಎಂಟು ಹೊಲಗಳ ಹತ್ತಿ ಇಳುವರಿ (ಎಕರೆಗೆ ಕ್ವಿಂಟಲ್): 12, 7, 9, 7, 15, 9, 7, 10. ಒಬ್ಬ ವಿದ್ಯಾರ್ಥಿ ಹೀಗೆ ಬರೆದ: "7, 9, 10, 12, 15. ಮಧ್ಯಾಂಕ 10." ಕ್ರಮ ಸರಿಯಿದೆ, ಉತ್ತರ ತಪ್ಪು. ಏಕೆ? (3)

4. ಕೊಪ್ಪಳಕ್ಕೆ ಬರುವ ಬಸ್ಸು ಏಳು ದಿನ ತಡವಾದ ನಿಮಿಷಗಳು: 3, 8, 5, 6, 9, 2, 7. ಜೋಡಿಸದೆ ನಡುವಿನದನ್ನು ಆರಿಸಿದ ವಿದ್ಯಾರ್ಥಿನಿಗೆ 6 ಸಿಕ್ಕಿತು. ಜೋಡಿಸಿ ನೋಡಿ. ಆಮೇಲೆ ಮೂಲ ಸಾಲಿನಲ್ಲಿ 6 ಮತ್ತು 9ನ್ನು ಅದಲುಬದಲು ಮಾಡಿ, ಅವಳ ವಿಧಾನದಲ್ಲೇ ಮತ್ತೆ ಮಾಡಿ. (3)

ಉತ್ತರಗಳು (ಶಿಕ್ಷಕರಿಗೆ)

1. ಸರಾಸರಿ 290 ÷ 9 ≈ 32.2, ಮಧ್ಯಾಂಕ 32, ಬಹುಲಕ 34. ಬಹುಲಕವನ್ನೇ ನೋಡಬೇಕು; 32.2 ಅಳತೆಯ ಪ್ಯಾಂಟ್ ಯಾರೂ ಕೇಳುವುದಿಲ್ಲ. 28 ಎಂದು ಬರೆದವರು ಜೋಡಿಸಿಲ್ಲ.

2. ಸರಾಸರಿ 420 ÷ 6 = 70. ಮಧ್ಯಾಂಕ (48 + 50) ÷ 2 = 49. ಬಹುಲಕ ಇಲ್ಲ, "0" ಎಂದು ಬರೆದರೆ ತಪ್ಪು. ಐವರು ಕಡಿಮೆ ಮಾರಿದ್ದಾರೆ, 180 ಒಂದೇ ಸರಾಸರಿಯನ್ನು ಮೇಲೆ ಎಳೆದಿದೆ. ಜೋಡಿಸದವರಿಗೆ (35 + 180) ÷ 2 = 107.5 ಬರುತ್ತದೆ.

3. ಮರುಕಳಿಸಿದ 7, 7, 9 ಬಿಟ್ಟುಹೋಗಿವೆ. 7, 7, 7, 9, 9, 10, 12, 15. ನಡುವಿನ ಎರಡೂ 9, ಮಧ್ಯಾಂಕ 9. ಎಣಿಸಿದ್ದರೆ ಎಂಟರ ಬದಲು ಐದೇ ಇರುವುದು ಕಾಣುತ್ತಿತ್ತು.

4. 2, 3, 5, 6, 7, 8, 9, ಮಧ್ಯಾಂಕ 6. ಅದಲುಬದಲಾದ ಮೇಲೆ ಅವಳಿಗೆ 9 ಬರುತ್ತದೆ, ಏಳರಲ್ಲಿ ಅದೇ ದೊಡ್ಡದು. ಬೆಲೆಗಳು ಅವೇ ಇದ್ದಾಗ ಮಧ್ಯಾಂಕ ಬದಲಾಗಬಾರದು. ಮೊದಲು 6 ಬಂದದ್ದು ಆಕಸ್ಮಿಕ.