ಪಾಲುದಾರಿಕೆ ಪತ್ರ: ಕಡಿಯಾಳಿಯ ನಮ್ಮ ಹಪ್ಪಳದ ಅಂಗಡಿ

2025ರ ಜೂನ್ 9, ಸೋಮವಾರ, ಉಡುಪಿ ಕಡಿಯಾಳಿಯ ಮನೆಯ ಚಾವಡಿಯಲ್ಲಿ ಕೂತು ನಾವು ಮೂವರು ಒಪ್ಪಿ ಬರೆದ ಪತ್ರ ಇದು: ಅಕ್ಕ ಸುಮತಿ (58), ತಮ್ಮ ರಾಘವೇಂದ್ರ (51), ಅವನ ಹೆಂಡತಿ ವಿದ್ಯಾ (46). ಅಮ್ಮ ಶುರು ಮಾಡಿದ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ವ್ಯಾಪಾರ ಇಷ್ಟು ವರ್ಷ ಬಾಯಿಮಾತಿನಲ್ಲೇ ನಡೆಯಿತು. ಇನ್ನು 1932ರ ಪಾಲುದಾರಿಕೆ ಕಾಯಿದೆಯಂತೆ, ಈ ಪತ್ರದಂತೆ ನಡೆಯುತ್ತದೆ. ತಿಂಗಳೊಳಗೆ ನೋಂದಣಿ ಮಾಡಿಸಬೇಕು. ಅದಿಲ್ಲದೆ ಬಾಕಿ ಕೊಡದ ಹೋಟೆಲಿನವರ ಮೇಲೆ ದಾವೆ ಹೂಡಲಿಕ್ಕೂ ಆಗುವುದಿಲ್ಲ.

ಬಂಡವಾಳ: ಅಕ್ಕ 3 ಲಕ್ಷ, ತಮ್ಮ 2 ಲಕ್ಷ, ವಿದ್ಯಾ 1 ಲಕ್ಷ. ಇದಕ್ಕೆ ವರ್ಷಕ್ಕೆ ಶೇಕಡಾ 9 ಬಡ್ಡಿ. ಮನೆ ಮತ್ತು ಅಂಗಳ ಅಕ್ಕನ ಹೆಸರಿನಲ್ಲಿವೆ, ಅಂಗಡಿಯ ಆಸ್ತಿ ಅಲ್ಲ. ತಿಂಗಳಿಗೆ 4,000 ರೂಪಾಯಿ ಬಾಡಿಗೆ ಅವಳಿಗೆ ಸಲ್ಲಬೇಕು.

ಲಾಭ ಹಂಚುವ ಮೊದಲು ತಮ್ಮನಿಗೂ ವಿದ್ಯಾಳಿಗೂ ತಿಂಗಳಿಗೆ 12,000 ಸಂಬಳ. ವಿದ್ಯಾ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಲಸಿನ ಸೊಳೆ ಬೇಯಿಸಲು ಇಡುತ್ತಾಳೆ, ಅದಕ್ಕೆ ಬೆಲೆ ಬೇಡವೇ? ಉಳಿದ ಲಾಭ ಅಕ್ಕನಿಗೆ ಶೇಕಡಾ 40, ತಮ್ಮನಿಗೆ 35, ವಿದ್ಯಾಳಿಗೆ 25. ನಷ್ಟವೂ ಹಾಗೆಯೇ. ಲೆಕ್ಕ ಮಾರ್ಚ್ 31ಕ್ಕೆ ಮುಗಿಯಬೇಕು. ಮೂವರೂ ಯಾವಾಗ ಬೇಕಾದರೂ ಪುಸ್ತಕ ನೋಡಬಹುದು.

ಯಾರಾದರೂ ನಿವೃತ್ತಿ ಬಯಸಿದರೆ ಮೂರು ತಿಂಗಳ ಮೊದಲು ಬರೆದು ತಿಳಿಸಬೇಕು. ಮಾರ್ಚ್‌ನಿಂದ ಮೇವರೆಗೆ ಹೊರಡುವಂತಿಲ್ಲ, ಅದು ಬಿಸಿಲಿನ ಕಾಲ, ಹಪ್ಪಳ ಒಣಗಿಸಲು ಒಂದು ಕೈ ಕಡಿಮೆಯಾದರೂ ಇಡೀ ವರ್ಷದ ಮಾಲಿಗೆ ಪೆಟ್ಟು. ಹೊರಡುವ ದಿನ ಡಬ್ಬಿಗಳನ್ನು ಇಳಿಸಿ, ಹಪ್ಪಳದ ಕಟ್ಟು ಎಣಿಸಿ, ತಯಾರಿಸಿದ ಖರ್ಚಿನ ಬೆಲೆಗೆ ಹಿಡಿಯಬೇಕು, ಮಾರುವ ಬೆಲೆಗಲ್ಲ. ತಂಪು ಹಿಡಿದದ್ದು, ಹುಳ ಬಿದ್ದದ್ದು ಲೆಕ್ಕಕ್ಕಿಲ್ಲ. ಬಂಡವಾಳ, ಅಂದಿನವರೆಗಿನ ಲಾಭ, ಮಾಲು ಮತ್ತು ಯಂತ್ರಗಳ ಪಾಲು ಸೇರಿಸಿ ಬಂದ ಮೊತ್ತದಲ್ಲಿ ಕಾಲು ಭಾಗ 30 ದಿನದಲ್ಲಿ, ಉಳಿದದ್ದು 12 ಕಂತುಗಳಲ್ಲಿ, ಶೇಕಡಾ 6 ಬಡ್ಡಿ ಸಮೇತ. ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಕೂಡಲೇ ಕೊಡಬೇಕು. ಅದು ಬರುವವರೆಗೆ ಅಂಗಡಿಯ ಹೊಸ ಸಾಲದ ಹೊಣೆ ಹೋದವರ ತಲೆಗೂ ಬರುತ್ತದೆ.

ಅಮ್ಮನ ಕೈಬರಹದ ಪುಸ್ತಕ, ಎಣ್ಣೆ ಹತ್ತಿದ ಆ ಹಲಸಿನ ಹಪ್ಪಳದ ಪುಟ ಸಮೇತ, ಅಂಗಡಿಯಲ್ಲೇ ಇರಬೇಕು. ಮೂವರಿಗೂ ಒಂದೊಂದು ಪ್ರತಿ. ಹೋದವರು ಮನೆಯಲ್ಲಿ ಹಪ್ಪಳ ಮಾಡಿ ಮಾರಲಿ, ಅಡ್ಡಿಯಿಲ್ಲ, ಆದರೆ ಅಂಗಡಿಯ ಹೆಸರು ಹಾಕಬಾರದು.

ಒಬ್ಬರು ತೀರಿಕೊಂಡರೆ ಅಂಗಡಿ ಮುಚ್ಚುವುದಿಲ್ಲ. ಅವರ ವಾರಸುದಾರರಿಗೆ ಇದೇ ಲೆಕ್ಕದಂತೆ ಹಣ ಕೊಟ್ಟು ಉಳಿದಿಬ್ಬರು ಮುಂದುವರಿಸಬೇಕು.

ಮೂವರೂ ಸಹಿ ಹಾಕಿ ಒಪ್ಪಿದರೆ, ಅಥವಾ ಒಬ್ಬರೇ ಉಳಿದರೆ, ವಿಸರ್ಜನೆ. ಮಾಲು, ಯಂತ್ರ ಮಾರಿ ಬಂದ ಹಣದಿಂದ ಮೊದಲು ಹೊರಗಿನ ಸಾಲ ಮತ್ತು ಕೆಲಸದ ಹೆಂಗಸರ ಕೂಲಿ ಬಾಕಿ, ಆಮೇಲೆ ನಾವು ಅಂಗಡಿಗೆ ಕೊಟ್ಟ ಕೈಸಾಲ, ನಂತರ ಬಂಡವಾಳ, ಮಿಕ್ಕಿದರೆ 40-35-25. ಸಾಲದಾದರೆ ಅದೇ ಪ್ರಮಾಣದಲ್ಲಿ ಕೈಯಿಂದ ಹಾಕಬೇಕು.

ಓದಿ, ಅರ್ಥ ಮಾಡಿಕೊಂಡು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದ್ದೇವೆ.

ಸುಮತಿ, ರಾಘವೇಂದ್ರ, ವಿದ್ಯಾ